ಮಾಲೀಕರು ಟೆಲಿಗ್ರಾಂ ತೆರೆಯದೆ 14 ತಿಂಗಳು. ಚಾನೆಲ್ ಎಷ್ಟು ದಿನ ಉಳಿಯುತ್ತದೆ? ಖಾತೆ ಅಳಿಸಿ ಹೋದರೆ ವಾಪಸ್ ಬರುತ್ತಾ?

ಹಸಿರುಪೆನ್ಸಿಲ್ · ಸೋಮವಾರ ರಾತ್ರಿ

ನಮ್ಮ ಭಾವ ಟೆಲಿಗ್ರಾಂನಲ್ಲಿ ಹಕ್ಕಿಗಳ ಕೂಗಿನ ಒಂದು ಚಾನೆಲ್ ನಡೆಸುತ್ತಿದ್ದರು. 640 ರೆಕಾರ್ಡಿಂಗ್ ಇವೆ, ಎಲ್ಲವೂ ಅವರೇ ಬೆಳಗಿನ ಜಾವ ಎದ್ದು ಹಿಡಿದವು. ಸುಮಾರು 1,900 ಜನ ಚಂದಾದಾರರಿದ್ದಾರೆ. ಅವರು ಕಡೆಯದಾಗಿ ಹಾಕಿದ ಪೋಸ್ಟಿಗೆ ಈಗ 14 ತಿಂಗಳು. ಫೋನಿನ ಕಾಟ ಸಾಕಾಯ್ತು ಅಂತ ಬಟನ್ ಫೋನಿಗೆ ಹೋಗಿಬಿಟ್ಟರು, ಆಮೇಲೆ ಇತ್ತ ತಿರುಗಿಯೂ ನೋಡಿಲ್ಲ.

ನಾನು ಆ ಚಾನೆಲ್‌ನಲ್ಲಿ ಅಡ್ಮಿನ್. ಪೋಸ್ಟ್ ಹಾಕಬಹುದು, ತಪ್ಪಿದ್ದರೆ ತಿದ್ದಬಹುದು, ಅಷ್ಟೇ. ಮಾಲೀಕರು ಅವರೇ.

ಎರಡು ಪ್ರಶ್ನೆ. ಸುಮ್ನೆ ಬಿದ್ದಿರುವ ಚಾನೆಲ್ ಅನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಮತ್ತೆ ಅವರ ಖಾತೆಯೇ ಅಳಿಸಿ ಹೋದರೆ ತಿರುಗಿ ತರಿಸಬಹುದಾ?

---

ಶಾಂತಕ್ಕ

ಎರಡು ವರ್ಷ ಕಣಮ್ಮ. ಗೂಗಲ್‌ನವರು 2023ರಲ್ಲೇ ಹೇಳಿದ್ದಾರೆ. ಎರಡು ವರ್ಷ ಯಾರೂ ಬಳಸದಿದ್ದರೆ ಖಾತೆ ತೆಗೆದುಹಾಕುತ್ತಾರೆ. ಆದರೆ ಯೂಟ್ಯೂಬ್ ವಿಡಿಯೋ ಇರುವ ಖಾತೆಗಳನ್ನು ಸದ್ಯಕ್ಕೆ ಮುಟ್ಟಲ್ಲ ಅಂತಲೂ ಆಗಲೇ ಹೇಳಿದ್ದರು. ಹಾಗಾಗಿ ಚಾನೆಲ್‌ಗೆ ಏನೂ ಆಗಲ್ಲ, ನಿಶ್ಚಿಂತೆಯಿಂದಿರು.

ಹಸಿರುಪೆನ್ಸಿಲ್

ಅಕ್ಕಾ, ಇದು ಯೂಟ್ಯೂಬ್ ಅಲ್ಲ, ಟೆಲಿಗ್ರಾಂ 🙂

ಶಾಂತಕ್ಕ

ಅಯ್ಯೋ, ಚಾನೆಲ್ ಅಂದ ತಕ್ಷಣ ಯೂಟ್ಯೂಬ್ ಅಂದುಕೊಂಡೆ. ಕನ್ನಡಕ ಹಾಕಿಕೊಂಡು ಓದಬೇಕಿತ್ತು.

---

ರಾತ್ರಿಪಾಳಿ

ಟೆಲಿಗ್ರಾಂನಲ್ಲಿ ಆರು ತಿಂಗಳು. ಆರು ತಿಂಗಳು ಬಳಸದಿದ್ದರೆ ಖಾತೆ ತಾನಾಗೇ ಅಳಿಸಿ ಹೋಗುತ್ತದೆ. ಅದೇನು ದೊಡ್ಡ ವಿಷಯ ಅಲ್ಲ. ಅದೇ ನಂಬರಿನಿಂದ ಮತ್ತೆ ಲಾಗಿನ್ ಆದರೆ ಎಲ್ಲಾ ವಾಪಸ್ ಬರುತ್ತದೆ, ಎಲ್ಲವೂ ಕ್ಲೌಡ್‌ನಲ್ಲೇ ಇರುತ್ತಲ್ಲ. ನಾನು ಫೋನ್ ಬದಲಿಸಿದಾಗ ಆ್ಯಪ್ ತೆಗೆದು ಎಂಟು ತಿಂಗಳು ಬಿಟ್ಟು ಹಾಕಿದ್ದೆ. ಒಂದು ಮೆಸೇಜೂ ಹೋಗಿರಲಿಲ್ಲ.

---

ತಂತಿಮನೆ

ರಾತ್ರಿಪಾಳಿ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಉಳಿದರ್ಧ ನಂಬಿಕೊಂಡು ಕೂತರೆ ಇವರ ಚಾನೆಲ್ ಕೈತಪ್ಪುತ್ತದೆ. ನಿಧಾನವಾಗಿ ಹೇಳುತ್ತೇನೆ.

ಮೊದಲನೆಯದು, ಗಡಿಯಾರ ಇರುವುದು ಚಾನೆಲ್‌ಗೆ ಅಲ್ಲ, ಖಾತೆಗೆ. ಚಾನೆಲ್‌ನಲ್ಲಿ ಪೋಸ್ಟ್ ಬಿದ್ದಿಲ್ಲ ಅಂತ ಅದನ್ನು ಅಳಿಸುವ ಅವಧಿ ಅಂತ ಏನೂ ಇಲ್ಲ. ಅಳಿಸಿ ಹೋಗುವುದು ಮನುಷ್ಯನ ಖಾತೆ. ಆ ಅವಧಿ ಮೊದಲು ಆರು ತಿಂಗಳಿತ್ತು, ಈಗ ತಾನಾಗಿ ಇರುವುದು 18 ತಿಂಗಳು. `Privacy and Security` ಒಳಗೆ ಕೊನೆಯ ಕಡೆ `If away for` ಅಂತ ಒಂದು ಸಾಲಿದೆ. ಅಲ್ಲಿ ಎಷ್ಟು ಬರೆದಿದೆಯೋ ಅಷ್ಟು ದಿನ. ಒಂದು ತಿಂಗಳಿಂದ ಎರಡು ವರ್ಷದವರೆಗೆ ಯಾರು ಬೇಕಾದರೂ ತಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು.

ಪೋಸ್ಟ್ ಹಾಕುವುದು ಇದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆ್ಯಪ್ ತೆರೆದು ಆನ್‌ಲೈನ್ ಬಂದರೆ ಸಾಕು, ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಅಂದರೆ ನಿಮ್ಮ ಭಾವ ಕಡೆಯ ಪೋಸ್ಟ್ ಹಾಕಿದ ಮೇಲೂ ಎರಡು ತಿಂಗಳು ಸುಮ್ನೆ ಓದಿಕೊಂಡು ಇದ್ದಿದ್ದರೆ, ಎಣಿಕೆ 14 ಅಲ್ಲ, 12.

ಎರಡನೆಯದು, ರಾತ್ರಿಪಾಳಿ ಅವರದು ಲಾಗೌಟ್ ಆದ ಖಾತೆ, ಅಳಿಸಿದ ಖಾತೆ ಅಲ್ಲ. ಆ್ಯಪ್ ತೆಗೆದರೂ, ಫೋನ್ ಬದಲಿಸಿದರೂ ಖಾತೆ ಅಲ್ಲಿಯೇ ಇರುತ್ತದೆ, ಮೆಸೇಜೂ ಇರುತ್ತವೆ. ಎಂಟು ತಿಂಗಳು ಬಿಟ್ಟರೂ ಉಳಿದಿದೆ ಅಂದರೆ ಅವರ ಅವಧಿ ಅದಕ್ಕಿಂತ ಜಾಸ್ತಿ ಇತ್ತು ಅಂತಷ್ಟೇ. ಒಮ್ಮೆ ಅಳಿಸಿ ಹೋದರೆ ಅದನ್ನು ತಿರುಗಿ ತರುವ ದಾರಿ ಇಲ್ಲ. ಅದೇ ನಂಬರಿನಿಂದ ಬರಬಹುದು, ಆದರೆ ಹೊಸಬರಾಗಿ ಬರುತ್ತೀರಿ. ಹಳೇ ಮಾತುಕತೆ ಇಲ್ಲ, ಗುಂಪುಗಳಿಲ್ಲ, ಚಾನೆಲ್‌ನ ಮಾಲೀಕತ್ವವೂ ಇಲ್ಲ.

---

ರಾತ್ರಿಪಾಳಿ

ಓ, ಹಾಗಾ. ಸರಿ, ಒಪ್ಪಿದೆ. ಆದರೆ ನನ್ನದರಲ್ಲಿ ಈಗ ನೋಡಿದರೆ 12 ತಿಂಗಳು ಅಂತಿದೆ. ನಾನೇ ಹಾಕಿದ್ದೋ ಏನೋ ನೆನಪಿಲ್ಲ.

ಅಡ್ಡದಾರಿ

ನನ್ನದರಲ್ಲಿ ಆರು ಅಂತಿದೆ! ಇದನ್ನು ನೋಡಲೇ ಇಲ್ಲವಲ್ಲ ಇಷ್ಟು ವರ್ಷ. ಬದಲಿಸಿದೆ.

---

ಹಸಿರುಪೆನ್ಸಿಲ್

ತಂತಿಮನೆ ಅವರೇ, ಹಾಗಾದರೆ ಅವರ ಖಾತೆ ಇನ್ನೂ ಇದೆಯೋ ಹೋಗಿದೆಯೋ ಅಂತ ನಾನು ಇಲ್ಲಿಂದಲೇ ತಿಳಿಯಬಹುದಾ?

ತಂತಿಮನೆ

ತಿಳಿಯಬಹುದು. ಅವರ ಜೊತೆ ನೀವು ನೇರವಾಗಿ ಮಾತಾಡಿದ ಹಳೇ ಚಾಟ್ ಇರಬೇಕಲ್ಲ, ಅದನ್ನು ತೆರೆಯಿರಿ. ಖಾತೆ ಅಳಿಸಿ ಹೋಗಿದ್ದರೆ ಹೆಸರು ಇರುವ ಕಡೆ `Deleted Account` ಅಂತ ಬರುತ್ತದೆ, ಫೋಟೋ ಜಾಗದಲ್ಲಿ ಒಂದು ಪುಟ್ಟ ಭೂತ. ಹೆಸರು ಹಾಗೇ ಇದ್ದು ಕೆಳಗೆ `last seen a long time ago` ಅಂತಿದ್ದರೆ ಖಾತೆ ಬದುಕಿದೆ. ಒಂದು ತಿಂಗಳಿಗಿಂತ ಜಾಸ್ತಿ ದಿನ ಬಂದಿಲ್ಲ ಅಂತ ಅದರ ಅರ್ಥ. ಒಂದು ತಿಂಗಳಾದರೂ ಅದೇ ಸಾಲು, ಒಂದು ವರ್ಷವಾದರೂ ಅದೇ ಸಾಲು. ಹಾಗಾಗಿ ಎಷ್ಟು ದಿನ ಉಳಿದಿದೆ ಅಂತ ಅದರಿಂದ ಗೊತ್ತಾಗಲ್ಲ. ನಿಮ್ಮನ್ನು ಬ್ಲಾಕ್ ಮಾಡಿದ್ದರೂ ಅದೇ ತೋರಿಸುತ್ತದೆ, ಆದರೆ ಭಾವ ಹಾಗೆ ಮಾಡಿರಲ್ಲ ಅಂದುಕೊಳ್ಳೋಣ.

ಹಸಿರುಪೆನ್ಸಿಲ್

ನೋಡಿದೆ. ಹೆಸರಿದೆ, ಫೋಟೋ ಇದೆ (ಮೈನಾ ಹಕ್ಕಿ), `last seen a long time ago`. ಬ್ಲಾಕ್ ಮಾಡಿಲ್ಲ, ನಿನ್ನೆ ತಾನೇ ಮನೆಗೆ ಬಂದು ಊಟ ಮಾಡಿಕೊಂಡು ಹೋದರು.

ತಂತಿಮನೆ

ಒಳ್ಳೇದಾಯ್ತು. 14 ತಿಂಗಳಿಂದ ಅವರು ನಿಜಕ್ಕೂ ಬಂದೇ ಇಲ್ಲ ಅಂದರೆ, ಅವರ ಅವಧಿ 12 ಅಥವಾ ಅದಕ್ಕಿಂತ ಕಡಿಮೆ ಇರಲಿಲ್ಲ. ಇದ್ದಿದ್ದರೆ ಈ ಹೊತ್ತಿಗೆ ಭೂತ ಕಾಣಿಸಬೇಕಿತ್ತು. 18 ಅಂದುಕೊಂಡರೆ ನಾಲ್ಕು ತಿಂಗಳು ಉಳಿದಿದೆ. ನಾಲ್ಕು ತಿಂಗಳಿದೆಯಲ್ಲ ಅಂತ ಮಲಗಬೇಡಿ, ಈ ವಾರವೇ ಮುಗಿಸಿ.

---

ಮೂರನೇಬೆಂಚು

ಖಾತೆ ಹೋದರೆ ಚಾನೆಲ್ ಏನಾಗುತ್ತೆ ಅಂತ ನಾನು ಹೇಳ್ತೀನಿ, ಅನುಭವಿಸಿದವನು ನಾನೇ.

ಹಳೇ ಫೋನ್ ನೀರಿಗೆ ಬಿದ್ದು ಸತ್ತಿತು. ಹೊಸ ಫೋನಿನಲ್ಲಿ ನಂಬರ್ ಹಾಕಿದೆ, ಎಸ್ಸೆಮ್ಮೆಸ್ ಕೋಡ್ ಬಂತು, ಹಾಕಿದೆ. ಆಮೇಲೆ ಪಾಸ್‌ವರ್ಡ್ ಕೇಳಿತು. ಯಾವತ್ತೋ ಎರಡನೇ ಹಂತದ ಪಾಸ್‌ವರ್ಡ್ ಹಾಕಿಟ್ಟಿದ್ದೆ, ನೆನಪಿಲ್ಲ. ರಿಕವರಿ ಇಮೇಲ್ ಕೊಟ್ಟಿರಲಿಲ್ಲ. `Forgot password?` ಒತ್ತಿದೆ. ಅದು ಏನೋ ಉದ್ದಕ್ಕೆ ಬರೆದು ಕೊನೆಗೆ ಕೆಂಪಕ್ಷರದಲ್ಲಿ `Reset Account` ಅಂತ ತೋರಿಸಿತು. ನಾನು ಪಾಸ್‌ವರ್ಡ್ ರೀಸೆಟ್ ಅಂತಲೇ ಓದಿಕೊಂಡೆ. ಒತ್ತಿದೆ. ಒಂದು ವಾರ ಕಾಯಿರಿ ಅಂತು. ಒಳ್ಳೇ ಹುಡುಗನ ಹಾಗೆ ಒಂದು ವಾರ ಕಾದು ಮತ್ತೆ ಒತ್ತಿದೆ.

ಪೂರ್ತಿ ಖಾಲಿ. ಹೊಸ ಖಾತೆ. ಪರಿಚಯದವರಿಗೆಲ್ಲ ‘ಇವರು ಟೆಲಿಗ್ರಾಂಗೆ ಸೇರಿದ್ದಾರೆ’ ಅಂತ ಸೂಚನೆ ಹೋಗಿದೆ. ಒಬ್ಬ ಫ್ರೆಂಡ್ ‘ಈಗ ಬಂದ್ಯಾ’ ಅಂತ ಬೇರೆ ಕೇಳಿದ.

ನಾನು ಕಟ್ಟಿದ ಚಾನೆಲ್‌ಗೆ ನಾನೇ ಲಿಂಕ್ ಹುಡುಕಿ ಚಂದಾದಾರನಾಗಿ ಸೇರಿದೆ. ಚಾನೆಲ್‌ಗೆ ಏನೂ ಆಗಿರಲಿಲ್ಲ, ಎಲ್ಲ ಪೋಸ್ಟೂ ಇದ್ದವು. ಆದರೆ ಅದಕ್ಕೆ ದಿಕ್ಕಿರಲಿಲ್ಲ. ಒಬ್ಬ ಗೆಳೆಯ ಅಡ್ಮಿನ್ ಇದ್ದ, ಅವನ ಅಧಿಕಾರ ಹಾಗೇ ಉಳಿಯಿತು. ಅವನಿಗೆ ಪೋಸ್ಟ್ ಹಾಕುವ ಅಧಿಕಾರ ಮಾತ್ರ ಕೊಟ್ಟಿದ್ದೆ, ಹೊಸ ಅಡ್ಮಿನ್ ಸೇರಿಸುವ ಅಧಿಕಾರ ಕೊಟ್ಟಿರಲಿಲ್ಲ. ಈಗ ನಾನು ಬರೆದಿದ್ದನ್ನು ಅವನಿಗೆ ಕಳಿಸಬೇಕು, ಅವನು ಹಾಕಬೇಕು. ಎರಡು ವರ್ಷದಿಂದ ಇದೇ ಪಾಡು.

ತಂತಿಮನೆ

ಟೆಲಿಗ್ರಾಂನವರು ಇದನ್ನು ತಮ್ಮ ಪ್ರಶ್ನೋತ್ತರದಲ್ಲೇ ಹೇಳಿದ್ದಾರೆ. ಖಾತೆ ಅಳಿಸಿದರೆ ನೀವು ಮಾಡಿದ ಗುಂಪು, ಚಾನೆಲ್‌ಗಳು ಅನಾಥವಾಗುತ್ತವೆ, ಅಡ್ಮಿನ್‌ಗಳ ಅಧಿಕಾರ ಮಾತ್ರ ಹಾಗೇ ಉಳಿಯುತ್ತದೆ ಅಂತ. ಹಾಗಾಗಿ ಮಾಲೀಕರು ಹೋಗುವ ಮೊದಲು ಯಾರಿಗೆ ಏನು ಅಧಿಕಾರ ಇತ್ತು ಅನ್ನುವುದರ ಮೇಲೆ ಎಲ್ಲಾ ನಿಂತಿದೆ. `Add New Admins` ಇರುವ ಒಬ್ಬ ಅಡ್ಮಿನ್ ಇದ್ದರೂ ಸಾಕು, ಅವರು ಇನ್ನೊಬ್ಬರನ್ನು ಸೇರಿಸಬಹುದು, ಚಾನೆಲ್ ನಡೆಯುತ್ತದೆ. ಆದರೆ ತಮಗಿಲ್ಲದ ಅಧಿಕಾರವನ್ನು ಅವರು ಇನ್ನೊಬ್ಬರಿಗೆ ಕೊಡಲಾಗುವುದಿಲ್ಲ. ಮಾಲೀಕತ್ವವಂತೂ ಯಾರಿಗೂ ಬರುವುದಿಲ್ಲ.

ಮೂರನೇಬೆಂಚು ಅವರ ಚಾನೆಲ್‌ನಲ್ಲಿ ಆ ಒಬ್ಬ ಗೆಳೆಯನ ಖಾತೆಯೂ ಹೋಯಿತು ಅಂದುಕೊಳ್ಳಿ. ಆಮೇಲೆ ಅದು ಓದುವುದಕ್ಕೆ ಮಾತ್ರ.

ಮೂರನೇಬೆಂಚು

ಥೋ, ಅದನ್ನು ಯೋಚಿಸಿಯೇ ಇರಲಿಲ್ಲ. ಈಗಲೇ ಅವನಿಗೆ ಫೋನ್ ಮಾಡಿ ಆ ಸಾಲು ಎರಡು ವರ್ಷಕ್ಕೆ ಹಾಕಿಸ್ತೀನಿ.

ಅಡ್ಡದಾರಿ

ಇಷ್ಟೆಲ್ಲಾ ಒದ್ದಾಡುವ ಬದಲು ಹೊಸ ಚಾನೆಲ್ ಮಾಡಿ, ಹಳೆಯದರಲ್ಲಿ ಲಿಂಕ್ ಅಂಟಿಸಿದರೆ ಮುಗೀತಲ್ವಾ?

ಮೂರನೇಬೆಂಚು

ಮಾಡಿ ನೋಡಿದೀನಿ. 900 ಜನರಲ್ಲಿ ಹತ್ತಿರ ಹತ್ತಿರ ನೂರೈವತ್ತು ಜನ ಬಂದ್ರು. ಉಳಿದವರು ಹಳೇದರಲ್ಲೇ ಕೂತು ಯಾಕೆ ಏನೂ ಹಾಕ್ತಿಲ್ಲ ಅಂತ ಕೇಳ್ತಾರೆ.

ಅಡ್ಡದಾರಿ

ನನಗಿನ್ನೂ ಅದೇ ಸರಿ ಅನ್ನಿಸುತ್ತೆ. ಬರದವರು ಹೇಗೂ ಓದುತ್ತಿರಲಿಲ್ಲ.

---

ಹಸಿರುಪೆನ್ಸಿಲ್ · ಮಂಗಳವಾರ

ಭಾವನ ಜೊತೆ ಮಾತಾಡಿದೆ. ಸಿಮ್ ಅದೇ ಇದೆ, ಬಟನ್ ಫೋನಿನಲ್ಲಿದೆ, ಎಸ್ಸೆಮ್ಮೆಸ್ ಬರುತ್ತದೆ. ಹಳೇ ಲ್ಯಾಪ್‌ಟಾಪಿನಲ್ಲಿ ಟೆಲಿಗ್ರಾಂ ಹಾಕಿದ್ದೆ ಅಂದರು. ಅದನ್ನು ತೆರೆದರೆ ಆಯ್ತು ಅಲ್ವಾ?

ಇನ್ನೊಂದು ವಿಷಯ. ಅವರೂ ಎರಡನೇ ಹಂತದ ಪಾಸ್‌ವರ್ಡ್ ಹಾಕಿದ್ದರಂತೆ. ಏನು ಅಂತ ಕೇಳಿದರೆ ‘ಯಾವುದೋ ಹಕ್ಕಿ ಹೆಸರು’ ಅಂತಾರೆ.

ತಂತಿಮನೆ

ಲ್ಯಾಪ್‌ಟಾಪನ್ನು ನೆಚ್ಚಿಕೊಳ್ಳಬೇಡಿ. ಖಾತೆಗೆ ಒಂದು ಗಡಿಯಾರ ಇರುವ ಹಾಗೆ, ಲಾಗಿನ್ ಆದ ಪ್ರತಿ ಸಾಧನಕ್ಕೂ ಬೇರೆ ಗಡಿಯಾರ ಇದೆ. `Devices` ಒಳಗೆ ನೋಡಿದರೆ ಕಾಣುತ್ತದೆ. ಬದಲಿಸದಿದ್ದರೆ ಆರು ತಿಂಗಳು. 14 ತಿಂಗಳು ತೆರೆಯದ ಲ್ಯಾಪ್‌ಟಾಪ್ ಬಹುಶಃ ಲಾಗೌಟ್ ಆಗಿರುತ್ತದೆ. ಹೊಸದಾಗಿ ಲಾಗಿನ್ ಆಗಬೇಕಾಗುತ್ತದೆ.

ಸಿಮ್ ಕೈಯಲ್ಲಿರುವುದೇ ದೊಡ್ಡ ಪುಣ್ಯ. ಬೇರೆ ಕಡೆ ಲಾಗಿನ್ ಇದ್ದರೆ ಕೋಡ್ ಮೊದಲು ಆ ಆ್ಯಪ್‌ಗೇ ಹೋಗುತ್ತದೆ. ಎಲ್ಲಾ ಕಡೆ ಲಾಗೌಟ್ ಆಗಿದ್ದರೆ ಎಸ್ಸೆಮ್ಮೆಸ್ಸೇ ಗತಿ. ಸಿಮ್ ಬಿಟ್ಟುಕೊಟ್ಟು ಆ ನಂಬರ್ ಬೇರೆಯವರಿಗೆ ಹೋಗಿದ್ದರೆ ಆ ಕೋಡ್ ಅವರಿಗೆ ಬರುತ್ತಿತ್ತು. ಪಾಸ್‌ವರ್ಡ್ ಇಲ್ಲದಿದ್ದರೆ ನೇರವಾಗಿ ಒಳಗೇ ಬರುತ್ತಿದ್ದರು.

ಈಗ ಪಾಸ್‌ವರ್ಡ್ ವಿಷಯ. ಪಾಸ್‌ವರ್ಡ್ ಕೇಳುವ ಜಾಗದಲ್ಲಿ ಅವರು ಆಗ ಬರೆದಿಟ್ಟ ಸುಳಿವು ಕಾಣಬಹುದು. ಹೊಳೆಯದಿದ್ದರೆ `Forgot password?` ಒತ್ತಿ. ರಿಕವರಿ ಇಮೇಲ್ ಕೊಟ್ಟಿದ್ದರೆ ಅಲ್ಲಿಗೆ ಕೋಡ್ ಹೋಗುತ್ತದೆ, ಅಷ್ಟೇ, ಮುಗಿಯಿತು. ಇಮೇಲ್ ಕೊಟ್ಟಿರದಿದ್ದರೆ ಅಥವಾ ಅದನ್ನು ತೆರೆಯಲಾಗದಿದ್ದರೆ ಆ ಕೆಂಪು `Reset Account` ಬರುತ್ತದೆ. ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಮೂರನೇಬೆಂಚು ಅವರಿಗೆ ಒಂದು ವಾರ ತಡೆದು ನಿಲ್ಲಿಸಿತು, ಯಾಕೆಂದರೆ ಅವರ ಖಾತೆ ಆ ದಿನಗಳಲ್ಲಿ ಬಳಕೆಯಲ್ಲಿತ್ತು. ಭಾವನದು ಒಂದು ವರ್ಷದಿಂದ ನಿದ್ದೆ ಮಾಡುತ್ತಿದೆ. ಆ ಒಂದು ವಾರ ಸಿಗುತ್ತದೆ ಅಂತ ನಂಬಬೇಡಿ.

ಶಾಂತಕ್ಕ

ಆ ಇಮೇಲ್ ಜಿಮೇಲ್ ಆಗಿದ್ದರೆ ಅದನ್ನೂ ಮೊದಲು ತೆರೆದು ನೋಡಿಬಿಡಿ. ನಾನು ನಿನ್ನೆ ಹೇಳಿದ ಎರಡು ವರ್ಷದ ಲೆಕ್ಕ ಅದಕ್ಕೆ ಬರುತ್ತದೆ. ಇಮೇಲೇ ಹೋಗಿದ್ದರೆ ಕೋಡ್ ಎಲ್ಲಿಗೆ ಬರುತ್ತೆ?

ತಂತಿಮನೆ

ಶಾಂತಕ್ಕ, ಇದು ನನಗೆ ಹೊಳೆದಿರಲಿಲ್ಲ. ಹೌದು, ಮೊದಲು ಇಮೇಲ್ ತೆರೆಯಿರಿ, ಆಮೇಲೆ ಟೆಲಿಗ್ರಾಂ. ಜಿಮೇಲ್ ವಿಳಾಸ ಒಮ್ಮೆ ಅಳಿಸಿ ಹೋದರೆ ಅದೇ ವಿಳಾಸವನ್ನು ಮತ್ತೆ ಹೊಸದಾಗಿ ಮಾಡಿಕೊಳ್ಳಲೂ ಆಗುವುದಿಲ್ಲ.

ಶಾಂತಕ್ಕ

ಕನ್ನಡಕ ಹಾಕಿಕೊಂಡಿದ್ದೀನಿ ಇವತ್ತು.

---

ತಂತಿಮನೆ

ಇನ್ನೊಂದು ಮಾತು. ಲಾಗಿನ್ ಮುಟ್ಟುವ ಮೊದಲು ರೆಕಾರ್ಡಿಂಗ್‌ಗಳನ್ನು ನೀವೇ ಇಳಿಸಿಕೊಂಡುಬಿಡಿ. ಅದಕ್ಕೆ ಮಾಲೀಕರು ಬೇಕಿಲ್ಲ. ಕಂಪ್ಯೂಟರಿನ ಟೆಲಿಗ್ರಾಂನಲ್ಲಿ ಚಾನೆಲ್ ತೆರೆದು ಮೂರು ಚುಕ್ಕಿ ಒತ್ತಿದರೆ `Export chat history` ಇದೆ. ಅಲ್ಲಿ ಫೈಲ್ ಗಾತ್ರದ ಮಿತಿಯ ಒಂದು ಪಟ್ಟಿ ಇದೆ. ಅದು ಮೊದಲಿಗೆ ತುಂಬಾ ಕೆಳಗಿರುತ್ತದೆ, ಮೇಲಕ್ಕೆ ಎಳೆಯಿರಿ. ಎಳೆಯದಿದ್ದರೆ ಉದ್ದದ ರೆಕಾರ್ಡಿಂಗ್‌ಗಳೆಲ್ಲ ಬಿಟ್ಟುಹೋಗುತ್ತವೆ. ಇಳಿಸಿಕೊಂಡದ್ದರಲ್ಲಿ ಅವುಗಳ ಹೆಸರು ಇರುತ್ತದೆ, ಫೈಲ್ ಇರುವುದಿಲ್ಲ. ಜನ ಅದನ್ನು ಗಮನಿಸುವುದು ಎಲ್ಲಾ ಮುಗಿದ ಮೇಲೆ.

---

ಹಸಿರುಪೆನ್ಸಿಲ್ · ಶನಿವಾರ

ಇವತ್ತು ಅವರ ಮನೆಗೆ ಹೋಗಿ ಕೂತು ಮಾಡಿದೆವು. ಒಂದೊಂದಾಗಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಎಕ್ಸ್‌ಪೋರ್ಟ್ ಗುರುವಾರವೇ ಮಾಡಿದ್ದೆ. ಮೊದಲ ಸಲ ಆ ಪಟ್ಟಿ ಎಳೆಯುವುದನ್ನು ಮರೆತೆ, ಇಷ್ಟೆಲ್ಲಾ ಹೇಳಿಸಿಕೊಂಡೂ! ಎರಡನೇ ಸಲ ಸರಿಯಾಗಿ ಬಂತು. ಎಣಿಸಿ ನೋಡಿದೆ, 640 ಇವೆ.

ಲ್ಯಾಪ್‌ಟಾಪ್ ಲಾಗೌಟ್ ಆಗಿತ್ತು, ನೀವು ಹೇಳಿದ ಹಾಗೇ. ಇಮೇಲ್ ಚೆನ್ನಾಗಿದೆ, ಕೆಲಸದ ಕಂಪ್ಯೂಟರಿನಲ್ಲಿ ಅವರು ದಿನಾ ತೆರೆಯುತ್ತಾರಂತೆ. ಆಮೇಲೆ ನನ್ನ ಹಳೇ ಫೋನಿನಲ್ಲಿ ಅವರ ನಂಬರ್ ಹಾಕಿದೆವು. ಬಟನ್ ಫೋನಿಗೆ ಕೋಡ್ ಬಂತು. ಪಾಸ್‌ವರ್ಡ್ ಕೇಳಿತು. ಸುಳಿವು ಏನಿತ್ತು ಗೊತ್ತಾ? ‘ಹಕ್ಕಿ’. ಹತ್ತು ಹನ್ನೆರಡು ಹಕ್ಕಿ ಹೆಸರು ಹಾಕಿ ನೋಡಿದರು, ಆಗಲಿಲ್ಲ. ಅಷ್ಟರಲ್ಲಿ ಈಗ ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಅಂತ ಬೈಸಿಕೊಂಡೆವು. ಅರ್ಧ ಗಂಟೆ ಬಿಟ್ಟು `Forgot password?` ಒತ್ತಿದೆವು, ಇಮೇಲ್‌ಗೆ ಕೋಡ್ ಬಂತು, ಒಳಗೆ ಹೋದೆವು.

`If away for` 18 ಅಂತಲೇ ಇತ್ತು. ಈಗ 24 ಮಾಡಿದ್ದಾರೆ.

ಆದರೆ ಚಾನೆಲ್ ನನಗೆ ವರ್ಗಾಯಿಸಲು ಆಗಲಿಲ್ಲ. ಮೊದಲು ಆ ಆಯ್ಕೆಯೇ ಕಾಣಲಿಲ್ಲ.

ತಂತಿಮನೆ

ನಿಮಗೆ ಎಲ್ಲಾ ಅಧಿಕಾರ ಕೊಟ್ಟಿರಬೇಕು, `Add New Admins` ಸೇರಿ. ಆಮೇಲಷ್ಟೇ ನಿಮ್ಮ ಹೆಸರಿನ ಪುಟದ ಕೆಳಗೆ `Transfer Channel Ownership` ಮೂಡುತ್ತದೆ.

ಹಸಿರುಪೆನ್ಸಿಲ್

ಅದೂ ಮಾಡಿದೆವು, ಮೂಡಿತು. ಒತ್ತಿದರೆ ಎರಡು ಷರತ್ತು ಹೇಳಿತು. ಎರಡು ಹಂತದ ಪಾಸ್‌ವರ್ಡ್ ಹಾಕಿ 7 ದಿನ ಆಗಿರಬೇಕಂತೆ, ಈ ಸಾಧನದಲ್ಲಿ ಲಾಗಿನ್ ಆಗಿ 24 ಗಂಟೆ ಆಗಿರಬೇಕಂತೆ. ನಾವು ಹಳೇ ಪಾಸ್‌ವರ್ಡ್ ತೆಗೆದು ಹೊಸದು ಹಾಕಿದ್ದು ಇವತ್ತೇ.

ತಂತಿಮನೆ

ಹಾಗಾದರೆ ಕಾಯಲೇಬೇಕು. ಕದ್ದ ಫೋನಿನಿಂದ ಯಾರೋ ಐದು ನಿಮಿಷದಲ್ಲಿ ಚಾನೆಲ್ ಹಾರಿಸಿಕೊಂಡು ಹೋಗದಿರಲಿ ಅಂತ ಇಟ್ಟಿರುವ ತಡೆ ಅದು. ಆ ಫೋನಿನಿಂದ ಲಾಗೌಟ್ ಆಗಬೇಡಿ, ಪಾಸ್‌ವರ್ಡ್ ಮತ್ತೆ ಬದಲಿಸಬೇಡಿ. ಎಲ್ಲಾ ಅಧಿಕಾರ ನಿಮಗೆ ಬಂದಾಗಿದೆ, ಹಾಗಾಗಿ ಈ ಏಳು ದಿನದಲ್ಲಿ ಏನೇ ಆದರೂ ಮೂರನೇಬೆಂಚು ಅವರ ಸ್ಥಿತಿಯಂತೂ ಬರಲ್ಲ.

ಮೂರನೇಬೆಂಚು

ನನ್ನ ಹೆಸರು ಉದಾಹರಣೆ ಆಗಿಬಿಡ್ತು.

---

ರಾತ್ರಿಪಾಳಿ

ಒಂದು ಸಂಶಯ. ಭಾವ ಮತ್ತೆ ಬಟನ್ ಫೋನಿಗೇ ಹೋಗ್ತಾರಲ್ಲ, ವರ್ಗಾಯಿಸಿದ ಮೇಲೆ ಅವರ ಖಾತೆ ಅಳಿಸಿ ಹೋದರೂ ಪರವಾಗಿಲ್ವಾ? ಅವರು ಹಾಕಿದ ಪೋಸ್ಟ್ ಹೋಗಲ್ವಾ?

ತಂತಿಮನೆ

ಹೋಗುವುದಿಲ್ಲ. ಚಾನೆಲ್‌ನ ಪೋಸ್ಟ್ ಚಾನೆಲ್‌ನದು. ಆದರೆ ಅವರ ಸ್ವಂತ ಮಾತುಕತೆಗಳು, `Saved Messages`ನಲ್ಲಿ ಇಟ್ಟುಕೊಂಡಿದ್ದು ಹೋಗುತ್ತವೆ. ಅಲ್ಲಿ ಏನಾದರೂ ಇದೆಯಾ ನೋಡಿಸಿ.

ಹಸಿರುಪೆನ್ಸಿಲ್ · ಮುಂದಿನ ಭಾನುವಾರ

ಬೆಳಿಗ್ಗೆ ವರ್ಗಾವಣೆ ಆಯ್ತು. ಹೊಸ ಪಾಸ್‌ವರ್ಡ್ ಕೇಳಿತು, ಹಾಕಿದರು, ನನ್ನ ಹೆಸರಿನ ಮುಂದೆ `Owner` ಅಂತ ಬಂತು. ಭಾವನನ್ನು ಅಡ್ಮಿನ್ ಆಗಿಯೇ ಉಳಿಸಿದ್ದೇನೆ.

ರಾತ್ರಿಪಾಳಿ ಅವರ ಪ್ರಶ್ನೆಯಿಂದ ದೊಡ್ಡ ಉಪಕಾರವಾಯ್ತು. `Saved Messages` ತೆರೆದರೆ ಅಲ್ಲಿ ಚಾನೆಲ್‌ಗೆ ಹಾಕದೇ ಬಿಟ್ಟ 43 ರೆಕಾರ್ಡಿಂಗ್ ಇವೆ. ‘ಗಾಳಿ ಸದ್ದು ಜಾಸ್ತಿ, ಆಮೇಲೆ ನೋಡೋಣ’ ಅಂತ ಒಂದೊಂದರ ಕೆಳಗೂ ಬರೆದಿಟ್ಟಿದ್ದಾರೆ. ಈಗ ಪಕ್ಕದಲ್ಲೇ ಕೂತು ಒಂದೊಂದೇ ಕೇಳುತ್ತಿದ್ದಾರೆ, ನನ್ನ ಫೋನ್ ವಾಪಸ್ ಕೊಡುವ ಲಕ್ಷಣ ಕಾಣುತ್ತಿಲ್ಲ.